ಏಜೆಂಟರ ಗೋದಾಮಿನಲ್ಲಿರುವ ಚೆರಿ ಯಾರ ಲೆಕ್ಕಕ್ಕೆ?



ಕುಟ್ಟ, ಶ್ರೀಮಂಗಲದ ಕಡೆ ರೊಬಸ್ಟಾ ಕೊಯ್ಲು ಜನವರಿಯಲ್ಲಿ ಪ್ರಾರಂಭವಾಗಿ ಮಾರ್ಚ್‌ವರೆಗೂ ನಡೆಯುತ್ತದೆ. ಲೆಕ್ಕದ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೀಗಾಗಿ ವರ್ಷದ ಕೊನೆಯ ದಿನ ಬೆಳೆಗಾರನ ಮಾಲಿನಲ್ಲಿ ಸ್ವಲ್ಪ ಕಣದಲ್ಲಿ, ಸ್ವಲ್ಪ ಉಗ್ರಾಣದಲ್ಲಿ, ಬಹುಪಾಲು ಏಜೆಂಟರ ಗೋದಾಮಿನಲ್ಲೋ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಇರುತ್ತದೆ. ಮನೆಯಿಂದ ಲಾರಿ ಹತ್ತಿ ಹೋದ ಮಾಲಿನ ಲೆಕ್ಕವನ್ನು ಹೇಗೆ ಬರೆಯಬೇಕೆಂದು ಸದಸ್ಯರು ಪ್ರತಿ ಏಪ್ರಿಲ್‌ನಲ್ಲೂ ನಮ್ಮನ್ನು ಕೇಳುವುದುಂಟು. ಕೆಲವರು ಕಳುಹಿಸಿದ್ದನ್ನೆಲ್ಲ ಮಾರಾಟವೆಂದೇ ಬರೆದುಕೊಳ್ಳುತ್ತಾರೆ. ಇನ್ನು ಕೆಲವರು ಹಣ ಬಂದಷ್ಟನ್ನೇ ಬರೆದು ಉಳಿದದ್ದನ್ನು ಮರೆಯುತ್ತಾರೆ. ಎರಡೂ ತಪ್ಪು. ಆದರೆ ಸರಿಯಾದ ಲೆಕ್ಕಕ್ಕೆ ಹೋಗುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೊಂದಿದೆ. ಆ ಮಾಲು ಇನ್ನೂ ನಮ್ಮದೇ, ಅಲ್ಲವೇ ಎಂಬುದೇ ಆ ಪ್ರಶ್ನೆ.

ಮಾಲು ನಮ್ಮ ಕೈ ಬಿಟ್ಟು ಹೋಗುವುದು ನಮ್ಮಲ್ಲಿ ಮೂರು ರೀತಿಯಲ್ಲಿ. ಮೊದಲನೆಯದು ಕ್ಯೂರಿಂಗ್‌ಗೆ ಕೊಡುವುದು. ಇಲ್ಲಿ ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತೇವೆ, ಕಾಫಿ ನಮ್ಮದೇ. ಎರಡನೆಯದು ಬಿಕರಿ ಮಾಡಿಕೊಡಿ ಎಂದು ಕಮಿಷನ್ ಏಜೆಂಟರಿಗೆ ಒಪ್ಪಿಸುವುದು. ಲೆಕ್ಕದ ಪುಸ್ತಕಗಳು ಇದನ್ನು ರವಾನೆ ವ್ಯಾಪಾರ ಅಥವಾ ಕನ್‌ಸೈನ್‌ಮೆಂಟ್ ಎಂದು ಕರೆಯುತ್ತವೆ. ಇಲ್ಲಿಯೂ ಮಾರಾಟವಾಗುವವರೆಗೆ ಮಾಲು ನಮ್ಮದೇ. ಏಜೆಂಟರು ನಮ್ಮ ಪರವಾಗಿ ಮಾರಿ, ಖರ್ಚು ಕಮಿಷನ್ ಹಿಡಿದುಕೊಂಡು, ಬಿಕರಿ ಪಟ್ಟಿಯೊಡನೆ ಉಳಿದ ಹಣ ಕೊಡುತ್ತಾರೆ. ಮೂರನೆಯದು ನಮ್ಮ ಕಡೆ ಬಹಳ ಬಳಕೆಯಲ್ಲಿರುವ ಕ್ರಮ. ಮಾಲನ್ನು ಈಗಲೇ ವ್ಯಾಪಾರಿಯ ಗೋದಾಮಿಗೆ ಹಾಕುವುದು, ರೇಟು ಆಮೇಲೆ ಫಿಕ್ಸ್ ಮಾಡುವುದು. ನೋಡಲು ಇದು ಎರಡನೆಯದರಂತೆಯೇ ಕಾಣುತ್ತದೆ. ಕಾನೂನಿನಲ್ಲಿ ಮಾತ್ರ ಸಾಮಾನ್ಯವಾಗಿ ಹಾಗಲ್ಲ.

ರೇಟು ಆಮೇಲೆ ಎಂದು ಹಾಕಿದ ಚೆರಿಯನ್ನು ವ್ಯಾಪಾರಿ ಬೇರೆಯವರ ಮಾಲಿನೊಡನೆ ಸುರಿದು, ತನ್ನ ಇಷ್ಟದಂತೆ ಹಲ್ಲಿಂಗ್ ಮಾಡಿಸಿ, ತನ್ನದೇ ಹೆಸರಿನಲ್ಲಿ ಮಾರಿಕೊಳ್ಳುತ್ತಾನೆ. ನಮಗೆ ಉಳಿಯುವುದು ನಾವು ಹೇಳಿದ ದಿನದ ರೇಟಿನಲ್ಲಿ ಹಣ ಕೇಳುವ ಹಕ್ಕು ಮಾತ್ರ. 1930ರ ಸರಕು ಮಾರಾಟ ಕಾಯಿದೆಯ 9ನೇ ಕಲಮಿನಂತೆ ಬೆಲೆಯನ್ನು ಆಮೇಲೆ ಗೊತ್ತುಮಾಡುವ ಕರಾರಿನಲ್ಲಿಯೂ ಮಾರಾಟವಾಗಬಹುದು. ಆದ್ದರಿಂದ ಇಂಥ ಬಾಬ್ತಿನಲ್ಲಿ ನಾವು ಮಾಲಿನ ಒಡೆಯರಾಗಿ ಉಳಿಯದೆ ಸಾಲ ಕೊಟ್ಟವರಾಗಿರುತ್ತೇವೆ. ವ್ಯಾಪಾರಿ ಅಂಗಡಿ ಮುಚ್ಚಿದರೆ ಗೋದಾಮಿನ ಬಾಗಿಲಿಗೆ ಹೋಗಿ ‘ನನ್ನ ಚೀಲ ಕೊಡಿ’ ಎನ್ನುವಂತಿಲ್ಲ, ಇತರ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮನೆಯವರು ಲೆಕ್ಕದಲ್ಲಿ ‘ದಾಸ್ತಾನು’ ಎಂದು ಬರೆದುಕೊಂಡ ಮಾತ್ರಕ್ಕೆ ಅದು ದಾಸ್ತಾನಾಗುವುದಿಲ್ಲ.

ಈ ವ್ಯತ್ಯಾಸ ಕಾಫಿ ಬೆಳೆಗಾರರಿಗೆ ಹೊಸತಲ್ಲ. ಹಿರಿಯ ಸದಸ್ಯರಿಗೆ ಪೂಲಿನ ಕಾಲ ನೆನಪಿರುತ್ತದೆ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು, ಕೊನೆಯ ಕಂತಿಗೆ ಬಹಳ ಕಾಲ ಕಾಯಬೇಕಾಗುತ್ತಿತ್ತು. ಅಷ್ಟು ಕಾಲವೂ ‘ನಮ್ಮ ಕಾಫಿ ಬೋರ್ಡಿನಲ್ಲಿದೆ’ ಎಂದೇ ಮಾತನಾಡುತ್ತಿದ್ದೆವು. ಬೋರ್ಡು ನಮ್ಮ ಏಜೆಂಟ್, ನಮ್ಮ ಪರವಾಗಿ ಮಾರುತ್ತದೆ ಎಂಬ ಭಾವನೆ ಎಲ್ಲರಲ್ಲೂ ಇತ್ತು.

ಕರ್ನಾಟಕ ಸರ್ಕಾರ ಪೂಲಿಗೆ ಬಂದ ಕಾಫಿಯ ಮೇಲೆ ಬೋರ್ಡು ಖರೀದಿ ತೆರಿಗೆ ಕೊಡಬೇಕೆಂದಾಗ ಈ ಭಾವನೆ ನ್ಯಾಯಾಲಯದ ಪರೀಕ್ಷೆಗೆ ಬಂತು. ಕಾಯಿದೆಯ ಬಲದಿಂದ ಬರುವ ಕಾಫಿಯನ್ನು ತಾನು ಖರೀದಿಸುತ್ತಿಲ್ಲ, ಬೆಳೆಗಾರರ ಪರವಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬುದು ಬೋರ್ಡಿನ ವಾದದ ಒಂದು ಮುಖ್ಯ ಭಾಗವಾಗಿತ್ತು. 1988ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾಯಿದೆಯ 25ನೇ ಕಲಮಿನಲ್ಲಿಯೇ, ಪೂಲಿಗೆ ಒಪ್ಪಿಸಿದ ಮೇಲೆ ಬೆಳೆಗಾರನಿಗೆ 34ನೇ ಕಲಮಿನಂತೆ ಹಣ ಪಡೆಯುವ ಹಕ್ಕೊಂದನ್ನು ಬಿಟ್ಟು ಬೇರಾವ ಹಕ್ಕೂ ಉಳಿಯುವುದಿಲ್ಲವೆಂದು ಬರೆದಿತ್ತು. ಹಕ್ಕೆಲ್ಲ ಹೋಗಿ ಹಣದ ಬಾಕಿ ಮಾತ್ರ ಉಳಿದಲ್ಲಿ ಅದು ಮಾರಾಟವೇ ಎಂದು ತೀರ್ಪಾಯಿತು, ಬೋರ್ಡು ತೆರಿಗೆಗೆ ಬಾಧ್ಯವಾಯಿತು. ಪೂಲ್ ಪದ್ಧತಿಯನ್ನು 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಕೈಬಿಡಲಾಯಿತು. ಆದರೆ ಆ ತೀರ್ಪು ಬಳಸಿದ ಅಳತೆಗೋಲು ಇಂದಿಗೂ ನಮ್ಮ ಕೆಲಸಕ್ಕೆ ಬರುತ್ತದೆ. ಮಾಲು ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಏನು ಉಳಿದಿದೆ? ಬೇಡವೆಂದು ಹಿಂದಕ್ಕೆ ತರಿಸಿಕೊಳ್ಳಬಹುದೇ? ಇಂಥ ರೇಟಿಗಿಂತ ಕಡಿಮೆಗೆ ಮಾರಬೇಡಿ ಎನ್ನಬಹುದೇ? ಸುಟ್ಟುಹೋದರೆ ನಷ್ಟ ಯಾರದು? ಈ ಮೂರಕ್ಕೂ ಉತ್ತರ ನಮ್ಮ ಕಡೆಗಿದ್ದರೆ ಮಾಲು ನಮ್ಮದು.

ಅಡಿಕೆಯಲ್ಲಿಯೂ ಹೀಗೆಯೇ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, 1939ರಲ್ಲಿ ಹುಟ್ಟಿದ ಶಿವಮೊಗ್ಗದ ಮಾಮ್‌ಕೋಸ್, ಇವು ಸದಸ್ಯರ ಅಡಿಕೆಯನ್ನು ತಮ್ಮಲ್ಲಿ ಇರಿಸಿಕೊಂಡು ಟೆಂಡರಿಗೆ ಇಟ್ಟು ಕಮಿಷನ್ ಮೇಲೆ ಮಾರಿಕೊಡುವ ಕ್ರಮವನ್ನು ಬೆಳೆಸಿದವು. ಆ ಬಾಬ್ತಿನಲ್ಲಿ ಟೆಂಡರ್ ಒಪ್ಪದೆ ಉಳಿದ ರಾಶಿ ಸದಸ್ಯನದೇ. 1973ರಲ್ಲಿ ಮಂಗಳೂರಿನಲ್ಲಿ ಪ್ರಾರಂಭವಾದ ಕ್ಯಾಂಪ್ಕೋ ತೂಕ ಮಾಡಿ ದರ ಕಟ್ಟಿ ಖರೀದಿಸುತ್ತದೆ. ಅಲ್ಲಿಗೆ ಕೊಟ್ಟ ಚಾಲಿ ಆ ಕ್ಷಣದಿಂದ ಕ್ಯಾಂಪ್ಕೋದ ದಾಸ್ತಾನು. ಒಂದೇ ತೋಟದ ಅಡಿಕೆ, ಎರಡೂ ಸಹಕಾರ ಸಂಸ್ಥೆಗಳೇ, ಆದರೂ ಮಾರ್ಚ್ 31ರ ಲೆಕ್ಕ ಬೇರೆ ಬೇರೆ.

ಇನ್ನು ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿ ನೋಡೋಣ. ಇಲ್ಲಿರುವ ಬೆಲೆಗಳು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು, ಮಾರುಕಟ್ಟೆಯ ದರಗಳೆಂದು ಯಾರೂ ತಿಳಿಯಬಾರದು.

ಕುಟ್ಟದ ಒಬ್ಬ ಬೆಳೆಗಾರರು ಫೆಬ್ರವರಿ ಆರಂಭದಲ್ಲಿ 50 ಕಿಲೋದ 100 ಚೀಲ ರೊಬಸ್ಟಾ ಚೆರಿಯನ್ನು, ಅಂದರೆ 5,000 ಕಿಲೋವನ್ನು, ಒಬ್ಬ ಕಮಿಷನ್ ಏಜೆಂಟರಿಗೆ ಬಿಕರಿಗಾಗಿ ಕಳುಹಿಸುತ್ತಾರೆ. ಗೊಬ್ಬರ, ಕೊಯ್ಲು, ಕಣದ ಕೆಲಸ ಎಲ್ಲ ಸೇರಿ ಅವರಿಗೆ ಬಿದ್ದ ಖರ್ಚು ಕಿಲೋಗೆ 120 ರೂ., ಒಟ್ಟು 6,00,000 ರೂ. ಲಾರಿ ಬಾಡಿಗೆ, ಹತ್ತಿಸುವ ಕೂಲಿ, ದಾರಿಯ ವಿಮೆಗೆ ಅವರು ಕೊಟ್ಟದ್ದು 8,500. ಅಲ್ಲಿ ಇಳಿಸಿ ಅಟ್ಟಿ ಹಾಕುವುದಕ್ಕೆ ಏಜೆಂಟರು ಕೊಟ್ಟದ್ದು 4,000. ಮಾಲು ತಲುಪಿದ ವಾರದಲ್ಲೇ ಏಜೆಂಟರು 2,00,000 ರೂ. ಮುಂಗಡ ಕೊಡುತ್ತಾರೆ.

ಈ ಮುಂಗಡವನ್ನು ಮಾರಾಟದ ಹಣವೆಂದು ಜಮಾ ಕಟ್ಟುವವರು ಬಹಳ ಮಂದಿ. ಅದು ಸಾಲ. ಇನ್ನೂ ಒಂದು ಕಾಳೂ ಮಾರಾಟವಾಗಿಲ್ಲ. ಆದ್ದರಿಂದ ನಗದು ಪುಸ್ತಕದಲ್ಲಿ ಬಂದ 2,00,000ವನ್ನು ಏಜೆಂಟರ ಖಾತೆಗೆ ಜಮಾ ಹಾಕಬೇಕು. ಮಾಲು ಹೋದ ದಿನ ಮಾಡಬೇಕಾದದ್ದಿಷ್ಟೇ: ‘ಕುಟ್ಟದಿಂದ ಇಂಥವರಿಗೆ ರವಾನೆ’ ಎಂದು ಒಂದು ಪ್ರತ್ಯೇಕ ಖಾತೆ ತೆರೆದು, ಮಾಲಿನ ಖರ್ಚು 6,00,000 ಮತ್ತು ಸಾಗಣೆಯ 8,500ನ್ನು ಅದರ ಖರ್ಚಿನ ಬದಿಗೆ ಬರೆಯುವುದು. ಏಜೆಂಟರ ಖಾತೆಗೆ ಮಾಲಿನ ಬೆಲೆಯನ್ನು ಖರ್ಚು ಹಾಕಲೇಬಾರದು. ಅವರು ಮಾಲಿಗಾಗಿ ನಮಗೆ ಇನ್ನೂ ಏನನ್ನೂ ಕೊಡಬೇಕಾಗಿಲ್ಲ.

ಮಾರ್ಚ್ ಮಧ್ಯದಲ್ಲಿ ಮಾರುವ ಮುನ್ನ ಇಡೀ ಲಾಟನ್ನು ಮತ್ತೆ ತೂಗಿದಾಗ 4,900 ಕಿಲೋ ಬರುತ್ತದೆ. 100 ಕಿಲೋ ಎಲ್ಲಿ ಹೋಯಿತು? ಇಲ್ಲಿ ಜಗಳಕ್ಕೆ ಮೊದಲು ತೇವಾಂಶ ನೋಡಬೇಕು. ಚೆರಿ ಕಣದಿಂದ ಎದ್ದಾಗ ಶೇಕಡ 13 ತೇವಾಂಶವಿತ್ತು, ಈಗ ಕಾಫಿ ಬೋರ್ಡು ರೊಬಸ್ಟಾ ಚೆರಿಗೆ ಹೇಳುವ ಶೇಕಡ 11ಕ್ಕೆ ಇಳಿದಿದೆ ಎನ್ನೋಣ. ನೀರು ಆರಿದರೂ ಒಣ ಪದಾರ್ಥ ಅಷ್ಟೇ ಇರುತ್ತದೆ. ಹಾಗಾಗಿ ಮೊದಲ ತೂಕವನ್ನು 87ರಿಂದ ಗುಣಿಸಿ 89ರಿಂದ ಭಾಗಿಸಿದರೆ ಈಗ ಇರಬೇಕಾದ ತೂಕ ಸಿಕ್ಕುತ್ತದೆ. 5,000ಕ್ಕೆ ಅದು ಸುಮಾರು 4,888. ತೂಗಿದ್ದು 4,900 ಇರುವುದರಿಂದ ಕೊರತೆಯೆಲ್ಲ ಒಣಗಿದ್ದರಿಂದಲೇ ಆದದ್ದು, ಯಾರ ಮೇಲೂ ಸಂಶಯ ಬೇಡ. ತೂಕ 4,800 ಬಂದಿದ್ದರೆ ಮಾತ್ರ ತೇವಾಂಶ ಅದಕ್ಕೆ ಉತ್ತರ ಹೇಳಲಾರದು, ಚೀಲ ಎಣಿಸಬೇಕು. ಇದೇ ಲೆಕ್ಕವನ್ನು ಮಳೆಗಾಲದಲ್ಲಿ ತಿರುಗಿಸಿ ನೋಡಬೇಕು. ಜುಲೈಯಲ್ಲಿ ಚೆರಿ ಗಾಳಿಯ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ. ಆಗ ತೂಕ ಸರಿಯಾಗಿದೆಯೆಂದು ಸಮಾಧಾನಪಟ್ಟರೆ ಒಂದೆರಡು ಚೀಲ ಕಾಣೆಯಾದದ್ದು ಅದರಲ್ಲಿ ಮುಚ್ಚಿಹೋಗಬಹುದು. ಮಳೆಗಾಲದ ತೂಕದೊಂದಿಗೆ ತೇವಾಂಶದ ಅಂಕಿ ಇಲ್ಲದಿದ್ದರೆ ಆ ತೂಕಕ್ಕೆ ಬೆಲೆ ಕೊಡಬೇಡಿ.

ಹೀಗೆ ಸ್ವಾಭಾವಿಕವಾಗಿ ಆಗುವ ಕೊರತೆಯ ಬೆಲೆಯನ್ನು ಬೇರೆ ನಷ್ಟವಾಗಿ ತೋರಿಸುವುದಿಲ್ಲ, ಉಳಿದ ಒಳ್ಳೆಯ ಮಾಲಿನ ಮೇಲೆ ಹಂಚುತ್ತಾರೆ. ಮಾಲಿನ ಖರ್ಚು 6,00,000, ಅದನ್ನು ಮಾರುವ ಜಾಗಕ್ಕೆ ಮುಟ್ಟಿಸಿದ ಖರ್ಚು 8,500 ಮತ್ತು 4,000, ಒಟ್ಟು 6,12,500. ಇದನ್ನು 4,900ರಿಂದ ಭಾಗಿಸಿದರೆ ಕಿಲೋಗೆ 125 ರೂ. ಆಯಿತು. ಇದೇ ಇನ್ನು ಮುಂದಿನ ಲೆಕ್ಕಕ್ಕೆಲ್ಲ ಆಧಾರ. ಗೋದಾಮಿನ ಸೂರು ಸೋರಿ 100 ಕಿಲೋ ಬೂಷ್ಟು ಹಿಡಿದಿದ್ದರೆ ಅದು ಬೇರೆ ಮಾತು. ಅದರ ಬೆಲೆ 12,500ನ್ನು ರವಾನೆ ಖಾತೆಯಿಂದ ತೆಗೆದು ಬೇರೆ ನಷ್ಟವಾಗಿಯೇ ತೋರಿಸಬೇಕು, ವಿಮೆ ಇದ್ದರೆ ಅಲ್ಲಿ ಕೇಳಬೇಕು. ಆ ನಷ್ಟವನ್ನು ಒಳ್ಳೆಯ ಮಾಲಿನ ಮೇಲೆ ಹೊರಿಸಿದರೆ ಸೂರಿನ ತಪ್ಪು ಕಾಫಿಯ ಬೆಲೆಯೊಳಗೆ ಅಡಗಿಬಿಡುತ್ತದೆ.

ಮಾರ್ಚ್ 31ರೊಳಗೆ ಏಜೆಂಟರು 3,000 ಕಿಲೋವನ್ನು 180ರಂತೆ ಮಾರಿದರು, 5,40,000 ಬಂತು. ಶೇಕಡ 2ರ ಕಮಿಷನ್ 10,800, ಗೋದಾಮು ಬಾಡಿಗೆ 2,200, ಮೊದಲೇ ಹೇಳಿದ ಇಳಿಸುವ ಖರ್ಚು 4,000, ಒಟ್ಟು 17,000 ಹಿಡಿದುಕೊಂಡರೆ 5,23,000 ಉಳಿಯಿತು. ಅದರಲ್ಲಿ ಮುಂಗಡದ 2,00,000 ಕಳೆದು 3,23,000 ನಮಗೆ ಬರಬೇಕೆಂದು ಬಿಕರಿ ಪಟ್ಟಿ ಹೇಳುತ್ತದೆ. ಮುಂಗಡದ ಬಡ್ಡಿಯನ್ನು ಇಲ್ಲಿ ಬಿಟ್ಟಿದ್ದೇವೆ, ನಿಜವಾದ ಪಟ್ಟಿಯಲ್ಲಿ ಅದೂ ಒಂದು ಕಲಮಾಗಿ ಇರುತ್ತದೆ.

ಉಳಿದ 1,900 ಕಿಲೋ ಏಜೆಂಟರ ಬಳಿಯೇ ಇದೆ. ಇದು ನಮ್ಮ ಆಖೈರು ದಾಸ್ತಾನು. 125ರಂತೆ ಇದರ ಬೆಲೆ 2,37,500. ಗೋದಾಮು ಬಾಡಿಗೆಯನ್ನೂ ಕಮಿಷನ್ನನ್ನೂ ಈ ಬೆಲೆಗೆ ಸೇರಿಸಲಿಲ್ಲವೆಂಬುದನ್ನು ಗಮನಿಸಬೇಕು. ಮಾಲನ್ನು ಮಾರುವ ಜಾಗಕ್ಕೆ ತಲುಪಿಸುವವರೆಗಿನ ಖರ್ಚು ಮಾಲಿನ ಬೆಲೆಗೆ ಸೇರುತ್ತದೆ. ಅಲ್ಲಿ ಕೂತು ಕಾಯುವ ಖರ್ಚು, ಮಾರುವ ಖರ್ಚು ಸೇರುವುದಿಲ್ಲ. ಇಲ್ಲವಾದರೆ ಮಾಲು ಮಾರಾಟವಾಗದೆ ಹೆಚ್ಚು ದಿನ ಬಿದ್ದಷ್ಟೂ ನಮ್ಮ ಪುಸ್ತಕದಲ್ಲಿ ಅದರ ಬೆಲೆ ಏರುತ್ತ ಹೋಗುವ ವಿಚಿತ್ರವಾಗುತ್ತದೆ.

ಈಗ ರವಾನೆ ಖಾತೆ ಪೂರ್ತಿಯಾಗಿ ಹೀಗೆ ಕಾಣುತ್ತದೆ. ಖರ್ಚಿನ ಬದಿಯಲ್ಲಿ ಮಾಲು 6,00,000, ಸಾಗಣೆ 8,500, ಏಜೆಂಟರ ಖರ್ಚು ಮತ್ತು ಕಮಿಷನ್ 17,000, ಒಟ್ಟು 6,25,500. ಜಮಾ ಬದಿಯಲ್ಲಿ ಮಾರಾಟ 5,40,000, ಆಖೈರು ದಾಸ್ತಾನು 2,37,500, ಒಟ್ಟು 7,77,500. ವ್ಯತ್ಯಾಸ 1,52,000 ಲಾಭ. ಸರಿಯೇ ಎಂದು ಬೇರೆ ದಾರಿಯಿಂದ ನೋಡಬಹುದು: ಮಾರಿದ 3,000 ಕಿಲೋದಲ್ಲಿ ಕಿಲೋಗೆ 55 ರೂ. ಉಳಿತಾಯ, ಒಟ್ಟು 1,65,000. ಕಮಿಷನ್ 10,800 ಮತ್ತು ಬಾಡಿಗೆ 2,200 ಕಳೆದರೆ ಅದೇ 1,52,000.

ದಾಸ್ತಾನನ್ನು ಮರೆತವರ ಪುಸ್ತಕದಲ್ಲಿ ಇದೇ ವರ್ಷ 85,500 ರೂ. ನಷ್ಟ ಕಾಣುತ್ತದೆ. ಉಳಿದ 1,900 ಕಿಲೋವನ್ನೂ 180ರಂತೆ ಮಾರಾಟವೆಂದೇ ಬರೆದುಕೊಂಡವರ ಪುಸ್ತಕದಲ್ಲಿ 2,56,500 ಲಾಭ ಕಾಣುತ್ತದೆ. ಮುಂದಿನ ವರ್ಷ ಆ 1,900 ಕಿಲೋ 140ಕ್ಕೆ ಮಾರಾಟವಾಗಿ 2,66,000 ಬಂತೆಂದೂ, ಕಮಿಷನ್ 5,320, ಬಾಡಿಗೆ 2,680 ಕಳೆದು 2,58,000 ಕೈಗೆ ಬಂತೆಂದೂ ಇಟ್ಟುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಆ ವರ್ಷ 20,500 ಲಾಭ. ಮರೆತವರ ಲೆಕ್ಕದಲ್ಲಿ 2,58,000 ಲಾಭ. ಮೊದಲೇ ಮಾರಾಟವೆಂದು ಬರೆದವರ ಲೆಕ್ಕದಲ್ಲಿ 84,000 ನಷ್ಟ. ಎರಡು ವರ್ಷ ಕೂಡಿಸಿದರೆ ಮೂವರಿಗೂ 1,72,500ವೇ. ‘ಹಾಗಾದರೆ ತೊಂದರೆ ಏನು, ಕೊನೆಗೆ ಸರಿಹೋಯಿತಲ್ಲ’ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ. ಬ್ಯಾಂಕಿಗೆ ಬೆಳೆಸಾಲದ ಅರ್ಜಿ ಹಾಕುವುದು, ಅಣ್ಣತಮ್ಮಂದಿರು ತೋಟದ ವರ್ಷದ ಲಾಭ ಹಂಚಿಕೊಳ್ಳುವುದು, ಎರಡು ವರ್ಷ ಕೂಡಿಸಿ ಅಲ್ಲ. ಕೂಡುಕುಟುಂಬದ ತೋಟದಲ್ಲಿ ಇಲ್ಲದ 1,04,500 ರೂ. ಲಾಭವನ್ನು ಏಪ್ರಿಲ್‌ನಲ್ಲಿ ಹಂಚಿಬಿಟ್ಟರೆ ಮುಂದಿನ ವರ್ಷ ಅದನ್ನು ಹಿಂದಕ್ಕೆ ಕೇಳುವುದು ಅಷ್ಟು ಸುಲಭವಲ್ಲ.

ಬೆಲೆ ಬಿದ್ದಾಗ ಇನ್ನೊಂದು ಎಚ್ಚರ ಬೇಕು. ದಾಸ್ತಾನನ್ನು ಖರ್ಚಿನ ಬೆಲೆ ಅಥವಾ ಮಾರಿದರೆ ಕೈಗೆ ಸಿಕ್ಕುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಹಿಡಿಯತಕ್ಕದ್ದು. ಮಾರ್ಚ್ 31ರಂದು ದರ 126 ಇದ್ದರೆ 125ಕ್ಕಿಂತ ಹೆಚ್ಚೇ ಇದೆಯಲ್ಲ ಎನಿಸುತ್ತದೆ. ಆದರೆ ಕಮಿಷನ್ 2.52, ಇತರ ಖರ್ಚು 1.48 ಕಳೆದರೆ ಕೈಗೆ ಸಿಕ್ಕುವುದು 122. ಆಗ ದಾಸ್ತಾನಿನ ಬೆಲೆ 2,31,800. ಅಂದರೆ 5,700 ರೂ. ನಷ್ಟವನ್ನು ಈ ವರ್ಷವೇ ಒಪ್ಪಿಕೊಳ್ಳಬೇಕಾಗುತ್ತದೆ.

ಏಜೆಂಟರ ಪುಸ್ತಕದಲ್ಲಿ ಈ 1,900 ಕಿಲೋಗೆ ಬೆಲೆಯೇ ಇರಬಾರದು. ಗೋದಾಮು ರಿಜಿಸ್ಟರಿನಲ್ಲಿ ನಮ್ಮ ಹೆಸರು, ಲಾಟಿನ ಗುರುತು, ಚೀಲ, ಕಿಲೋ ಮಾತ್ರ ಇರಬೇಕು. ಅವರ ಅಢಾವೆ ಪತ್ರಿಕೆಯಲ್ಲಿ ಇದು ಅವರ ಆಸ್ತಿಯಾಗಿ ಕಂಡರೆ, ಒಂದೇ ಕಾಫಿ ಎರಡು ಮನೆಯ ಆಸ್ತಿಯಾದಂತಾಯಿತು. ಬ್ಯಾಂಕಿನವರು ಆ ಪತ್ರಿಕೆ ನೋಡಿ ಅವರಿಗೆ ಸಾಲ ಕೊಟ್ಟಿರಲೂಬಹುದು.

ಇಲ್ಲಿ ಕಾನೂನಿನ ಒಂದು ಮಿತಿಯನ್ನು ಸದಸ್ಯರು ತಿಳಿದಿರಬೇಕು. ಮಾಲು ನಮ್ಮದೇ ಆದರೂ ಅದನ್ನು ಏಜೆಂಟರ ವಶಕ್ಕೆ ನಾವೇ ಒಪ್ಪಿ ಕೊಟ್ಟಿದ್ದೇವೆ. ಅವರು ವ್ಯಾಪಾರದ ವಾಡಿಕೆಯಂತೆ ಅದನ್ನು ಮಾರಿದರೆ, ನಾವು ಮಾರಬೇಡಿ ಎಂದು ಹೇಳಿದ್ದರೂ ಅದು ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ ಸರಕು ಮಾರಾಟ ಕಾಯಿದೆಯ 27ನೇ ಕಲಮು ರಕ್ಷಣೆ ಕೊಡುತ್ತದೆ. ಅಡವಿಟ್ಟರೂ ಅಷ್ಟೆ, 1872ರ ಕರಾರು ಕಾಯಿದೆಯ 178ನೇ ಕಲಮು ಪ್ರಾಮಾಣಿಕವಾಗಿ ಅಡವು ಹಿಡಿದವನ ಪರವಾಗಿದೆ. ನಮಗೆ ಉಳಿಯುವುದು ಏಜೆಂಟರ ಮೇಲೆ ದಾವೆ ಮಾತ್ರ. ಮುಂಗಡ, ಖರ್ಚು, ಕಮಿಷನ್ ಬಾಕಿ ಇದ್ದಾಗ ಅದು ತೀರುವವರೆಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕೂ ಏಜೆಂಟರಿಗಿದೆ. ನಮ್ಮ ಉದಾಹರಣೆಯ ಏಜೆಂಟರು ಏಪ್ರಿಲ್ 1ರಂದು ದಿವಾಳಿಯಾದರೆ, ಗುರುತಿನ ಚೀಲಗಳು ಗೋದಾಮಿನಲ್ಲಿದ್ದ ಪಕ್ಷದಲ್ಲಿ 1,900 ಕಿಲೋವನ್ನು ನಮ್ಮದೆಂದು ಹಿಂದಕ್ಕೆ ಕೇಳಬಹುದು. ಮಾರಿ ಬಂದು ಅವರ ವ್ಯಾಪಾರದ ಹಣದಲ್ಲಿ ಬೆರೆತುಹೋದ 3,23,000ಕ್ಕೆ ಮಾತ್ರ ಸಾಮಾನ್ಯವಾಗಿ ಸಾಲಗಾರರ ಸಾಲಿನಲ್ಲಿಯೇ ನಿಲ್ಲಬೇಕು. ಆದ್ದರಿಂದ ಮಾರಾಟವಾಗದ ಮಾಲಿಗಿಂತ, ಮಾರಾಟವಾಗಿ ಪಟ್ಟಿ ಬಂದು ಹಣ ಬಾರದಿರುವುದೇ ಹೆಚ್ಚು ಅಪಾಯದ್ದು. ಜನ ಇದನ್ನು ತಿರುಗಾಮುರುಗಾ ತಿಳಿದಿರುವುದು ನಮಗೆ ಆಶ್ಚರ್ಯ.

ಏಜೆಂಟರು ಸಾಲಕ್ಕೆ ಮಾರಿ, ಕೊಂಡವನು ಕೊಡದೆ ಹೋದರೆ? ಬೇರೆ ಕರಾರಿಲ್ಲದಿದ್ದರೆ ಆ ನಷ್ಟ ನಮ್ಮದೇ. ಅದರ ಹೊಣೆಯನ್ನು ಏಜೆಂಟರೇ ಹೊರಬೇಕಾದರೆ ಅದಕ್ಕೆ ಬೇರೆ ಕಮಿಷನ್ ಗೊತ್ತುಮಾಡುತ್ತಾರೆ, ವ್ಯಾಪಾರದಲ್ಲಿ ಡೆಲ್ ಕ್ರೆಡೆರೆ ಕಮಿಷನ್ ಎನ್ನುತ್ತಾರೆ. ಇದರ ಬಗ್ಗೆ ಬಾಯಿಮಾತು ಸಾಲದು.

ಕುಟ್ಟ ಗಡಿಯ ಊರಾದ್ದರಿಂದ ಇನ್ನೊಂದು ಮಾತು ಹೇಳಬೇಕು. ತೋಲ್ಪೆಟ್ಟಿ ದಾಟಿ ವಯನಾಡಿನ ಏಜೆಂಟರಿಗೆ ಮಾಲು ಕಳುಹಿಸುವುದು ಇಲ್ಲಿ ಹಳೆಯ ರೂಢಿ. ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ವ್ಯಾಪಾರಿಗಳು ಹೀಗೆ ಹೊರರಾಜ್ಯದ ಏಜೆಂಟರಿಗೆ ಕಳುಹಿಸಿದ್ದು ಮಾರಾಟವಲ್ಲವೆಂದು ತೋರಿಸಲು ಎಫ್ ಫಾರಂ ತರಿಸಬೇಕಾಗಿತ್ತು, 2002ರ ನಂತರ ಅದು ಕಡ್ಡಾಯವೂ ಆಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ವಿಚಾರ ತಲೆಕೆಳಗಾಯಿತು. ಏಜೆಂಟರು ತಮ್ಮದೇ ಹೆಸರಿನಲ್ಲಿ ಬಿಲ್ಲು ಮಾಡಿ ಮಾರುವ ಪಕ್ಷದಲ್ಲಿ, ಅವರಿಗೆ ಮಾಲು ಕಳುಹಿಸಿದ್ದನ್ನೇ ಆ ಕಾನೂನು ಸರಬರಾಜೆಂದು ಪರಿಗಣಿಸುತ್ತದೆ. ತಾನು ಬೆಳೆದದ್ದನ್ನು ಮಾತ್ರ ಮಾರುವ ಕೃಷಿಕನಿಗೆ ನೋಂದಣಿಯ ಬಾಧ್ಯತೆ ಇಲ್ಲವಾದ್ದರಿಂದ ನಮ್ಮ ಬಹುಪಾಲು ಸದಸ್ಯರಿಗೆ ಇದು ತಟ್ಟುವುದಿಲ್ಲ. ಇತರರಿಂದ ಕೊಂಡು ಕಳುಹಿಸುವವರಿಗೆ ತಟ್ಟುತ್ತದೆ. ಆದರೆ ತೆರಿಗೆಗೆ ಸರಬರಾಜು ಎಂದಾದ ಮಾತ್ರಕ್ಕೆ ನಮ್ಮ ಲೆಕ್ಕದಲ್ಲಿ ಮಾರಾಟವಾಗುವುದಿಲ್ಲ. ಮಾರಾಟವಾಗದ ಚೀಲ ಆಗಲೂ ನಮ್ಮ ದಾಸ್ತಾನೇ.

ಕೊನೆಯದಾಗಿ ಕಾಗದದ ಮಾತು. ಮಾಲು ಇಳಿಸಿದ ದಿನ ಪಡೆಯುವ ರಸೀದಿಯಲ್ಲಿ ‘ಬಿಕರಿಗಾಗಿ, ಬೆಳೆಗಾರರ ಲೆಕ್ಕಕ್ಕೆ’ ಎಂದು ಬರೆಸಿಕೊಳ್ಳಬೇಕು. ‘ಖರೀದಿ’ ಎಂದೋ ‘ದರ ನಂತರ’ ಎಂದೋ ಇದ್ದರೆ ಮೇಲೆ ಹೇಳಿದ ಲೆಕ್ಕದ ಅಡಿಪಾಯವೇ ಕುಸಿಯುತ್ತದೆ. ಚೀಲದ ಮೇಲೆ ತೋಟದ ಗುರುತು ಬಣ್ಣದಲ್ಲಿ ಇರಲಿ, ಲಾಟನ್ನು ಬೇರೆಯಾಗಿಯೇ ಅಟ್ಟಿ ಹಾಕಿಸಿ. ಬಿಕರಿ ಪಟ್ಟಿಯಲ್ಲಿ ಮಾರಾಟದ ದಿನಾಂಕ, ಕೊಂಡವರ ಹೆಸರು, ತೂಕ, ತೇವಾಂಶ, ಔಟ್‌ಟರ್ನ್, ದರ ಇವಿಷ್ಟೂ ಇಲ್ಲದಿದ್ದರೆ ಹಿಂದಕ್ಕೆ ಕಳುಹಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾರ್ಚ್ 31ರ ದಾಸ್ತಾನು ಪತ್ರ. ಆ ದಿನ ಸಂಜೆಗೆ ನಮ್ಮ ಹೆಸರಿನಲ್ಲಿ ಯಾವ ಗುರುತಿನ ಎಷ್ಟು ಚೀಲ, ಎಷ್ಟು ಕಿಲೋ ಉಳಿದಿದೆಯೆಂದು ಏಜೆಂಟರ ಸಹಿಯಿರುವ ಒಂದು ಸಾಲು ಸಾಕು. ಇದರ ಉಪಯೋಗ ಲೆಕ್ಕ ಬರೆಯುವುದಕ್ಕಷ್ಟೇ ಅಲ್ಲ. ದರ ಇಳಿಯುತ್ತಿರುವ ವರ್ಷದಲ್ಲಿ ಫೆಬ್ರವರಿಯಲ್ಲಿ 180ಕ್ಕೆ ಮಾರಿದ್ದನ್ನು ಮೇ ತಿಂಗಳಲ್ಲಿ 140ಕ್ಕೆ ಮಾರಿದಂತೆ ಪಟ್ಟಿ ಕೊಡುವುದು ಹಳೆಯ ಚಾಳಿ, ದಿನಾಂಕ ಬದಲಿಸಿದರೆ ಸಾಕು. 1,900 ಕಿಲೋಗೆ ಆ ವ್ಯತ್ಯಾಸ 76,000 ರೂ. ಮಾರ್ಚ್ 31ರಂದು ಇಷ್ಟೇ ಉಳಿದಿದೆಯೆಂದು ಅವರೇ ಬರೆದುಕೊಟ್ಟಿದ್ದರೆ ಅದಕ್ಕಿಂತ ಹೆಚ್ಚಿನ ಮಾಲನ್ನು ಮೇ ತಿಂಗಳ ಪಟ್ಟಿಗೆ ತರುವಂತಿಲ್ಲ. ಹೆಚ್ಚು ಉಳಿದಿದೆಯೆಂದು ಸುಳ್ಳು ಬರೆದರೆ, ಏಪ್ರಿಲ್ ಮೊದಲ ವಾರದಲ್ಲಿ ಒಬ್ಬರು ಹೋಗಿ ಚೀಲ ಎಣಿಸಿದರೆ ಗೊತ್ತಾಗುತ್ತದೆ. ಪತ್ರದ ನಮೂನೆ ಸಂಘದ ಕಛೇರಿಯಲ್ಲಿದೆ. ಮಾರ್ಚ್ ಮೂರನೆಯ ವಾರದೊಳಗೆ ಬಂದು ತೆಗೆದುಕೊಂಡರೆ ಏಜೆಂಟರಿಗೆ ಸಕಾಲದಲ್ಲಿ ತಲುಪಿಸಬಹುದು.